16 ತಂಡಗಳ ಖರ್ಚು, 12 ತಂಡಗಳ ಆದಾಯ

ನಮ್ಮ ಕಡೆ ಯುವಕ ಮಂಡಲದ ಸಭೆಯಲ್ಲಿ ಕ್ರಿಕೆಟ್ ಪಂದ್ಯಾಟದ ಬಜೆಟ್ ಮಂಡನೆ ಎಂದರೆ ಹೆಚ್ಚೆಂದರೆ ಐದು ನಿಮಿಷದ ಮಾತು. ಅಧ್ಯಕ್ಷರು ಏಳುತ್ತಾರೆ. ಕಳೆದ ಸಲ ಇಷ್ಟಾಗಿತ್ತು, ಈ ಸಲ ಸ್ವಲ್ಪ ಜಾಸ್ತಿ ಆಗಬಹುದು, ದಾನಿಗಳು ಕೈ ಬಿಡುವುದಿಲ್ಲ ಎನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ಆಮೇಲೆ ಮಾತು ಟ್ರೋಫಿಯ ಎತ್ತರದ ಕಡೆಗೋ ಜೆರ್ಸಿಯ ಬಣ್ಣದ ಕಡೆಗೋ ಹೊರಳುತ್ತದೆ. ಬೆಳ್ತಂಗಡಿ ತಾಲೂಕಿನ ನಮ್ಮ ಊರಿನಲ್ಲಿ ಇಂಥ ಸಭೆಗಳಲ್ಲಿ ನಾನು ಸದಸ್ಯನಾಗಿ ಕುಳಿತಿದ್ದೇನೆ, ಕೋಶಾಧಿಕಾರಿಯಾಗಿ ಕುಳಿತಿದ್ದೇನೆ, ಈಗ ಸಲಹೆಗಾರನೆಂಬ ಹೆಸರಿನಲ್ಲಿ ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಹಾಗಾಗಿ ಈ ವರ್ಷ ನಮ್ಮ ಹೊಸ ಅಧ್ಯಕ್ಷ ಮಾಡಿದ ಭಾಷಣ ಯಾಕೆ ಬೇರೆ ಎನ್ನಿಸಿತು ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯಬೇಕು ಅನ್ನಿಸಿದೆ. ಆಚೀಚೆ ಊರಿನ ಮಂಡಲದವರೂ ಇದನ್ನು ಓದುತ್ತಾರೆ, ಅವರಿಗೆ ಉಪಯೋಗವಾದೀತು.

ನಮ್ಮ ಸಭೆಗಳಲ್ಲಿ ಸ್ವಾಗತ, ಭಾಷಣ, ವಂದನೆ ಕನ್ನಡದಲ್ಲಿ. ಜಗಳ, ಚರ್ಚೆ, ತೀರ್ಮಾನ ತುಳುವಿನಲ್ಲಿ. ಹೊಸ ಅಧ್ಯಕ್ಷನಾದ ಆ ಹುಡುಗನೂ ಕನ್ನಡದಲ್ಲೇ ಶುರು ಮಾಡಿದ. "ಹಿರಿಯರಿಗೆ, ಅಕ್ಕ ತಂಗಿಯರಿಗೆ, ಮಂಡಲದ ಎಲ್ಲ ಸದಸ್ಯರಿಗೆ ನಮಸ್ಕಾರ. ಮೊದಲು ಖರ್ಚು ಹೇಳ್ತೇನೆ, ಆಮೇಲೆ ಆದಾಯ. ಖರ್ಚು 16 ತಂಡಕ್ಕೆ ಲೆಕ್ಕ ಹಾಕಿದ್ದೇನೆ. ಆದಾಯ 12 ತಂಡಕ್ಕೆ ಮಾತ್ರ." ಸಭೆಯಲ್ಲಿ ಸಣ್ಣ ಗುಸುಗುಸು ಎದ್ದಿತು. ತಂಡಗಳ ಸಂಖ್ಯೆ ಎರಡು ಕಡೆ ಎರಡು ಹೇಗೆ ಎಂದು ಕೆಲವರಿಗೆ ಅರ್ಥವಾಗಲಿಲ್ಲ. ಭಾಷಣದ ಜೀವ ಇದ್ದದ್ದೇ ಅಲ್ಲಿ.

ಖರ್ಚನ್ನು ಆತ ಮೂರು ಭಾಗ ಮಾಡಿದ್ದ. ಮೊದಲನೆಯದು ಬಹುಮಾನ: ಪ್ರಥಮ 20,000, ದ್ವಿತೀಯ 10,000, ಟ್ರೋಫಿ ಮತ್ತು ವೈಯಕ್ತಿಕ ಬಹುಮಾನಗಳಿಗೆ 12,000, ಒಟ್ಟು 42,000 ರೂಪಾಯಿ. ಎರಡನೆಯದು, ಎಷ್ಟೇ ತಂಡ ಬಂದರೂ ಬದಲಾಗದ ಖರ್ಚು. ಗದ್ದೆ ಸಮ ಮಾಡುವುದು, ಪಿಚ್ಚಿಗೆ ಮಣ್ಣು ಹಾಕಿ ರೋಲರ್ ಓಡಿಸುವುದು, ಬೆಳಕಿನ ವ್ಯವಸ್ಥೆ, ಮೈಕ್ ಮತ್ತು ವೀಕ್ಷಕ ವಿವರಣೆಯವರ ಗೌರವಧನ, ಶಾಮಿಯಾನ, ಬ್ಯಾನರ್, ಪರವಾನಗಿ, ಎಲ್ಲ ಸೇರಿ 50,000. ಇದರಲ್ಲಿ ಬೆಳಕು ಒಂದಕ್ಕೇ 18,000. ಮೂರನೆಯದು ತಂಡದ ಜೊತೆ ಏರುವ ಖರ್ಚು: ಅಂಪೈರ್‌ಗಳು, ಚೆಂಡು, ಮಧ್ಯಾಹ್ನದ ಊಟ. ಅದು 16 ತಂಡಕ್ಕೆ 15,000. ಕೊನೆಗೆ ಅನಿರೀಕ್ಷಿತ ಎಂದು 8,000 ಇಟ್ಟು, ಒಟ್ಟು 1,15,000 ಎಂದ.

ನಾವೆಲ್ಲ ಬಜೆಟ್ ಬರೆಯುವುದು ಅಂಗಡಿಯ ಸಾಮಾನಿನ ಚೀಟಿ ಬರೆದ ಹಾಗೆ, ಒಂದರ ಕೆಳಗೆ ಒಂದು. ಚೆಂಡೂ ಅದೇ ಸಾಲಿನಲ್ಲಿ, ಜನರೇಟರೂ ಅದೇ ಸಾಲಿನಲ್ಲಿ. ಹಾಗೆ ಬರೆದಾಗ ಒಂದು ವಿಷಯ ಮರೆಯಾಗುತ್ತದೆ. ಎರಡು ತಂಡ ಕಡಿಮೆ ಬಂದರೆ ಚೆಂಡಿನ ಖರ್ಚು ಇಳಿಯುತ್ತದೆ, ಜನರೇಟರಿನ ಬಾಡಿಗೆ ಇಳಿಯುವುದಿಲ್ಲ. ಆತ ಅದನ್ನು ಸಭೆಗೆ ಬಿಡಿಸಿ ಹೇಳಿದ. "ಒಂದು ತಂಡ 2,500 ರೂಪಾಯಿ ಪ್ರವೇಶ ಶುಲ್ಕ ಕೊಡ್ತದೆ. ಆ ತಂಡದ ಊಟ, ಚೆಂಡು, ಅಂಪೈರ್ ಅಂತ ಸುಮಾರು 1,000 ಹೋಗ್ತದೆ. ನಮ್ಮ ಕೈಯಲ್ಲಿ ಉಳಿಯುವುದು 1,500. ಬಹುಮಾನ ಮತ್ತು ಬದಲಾಗದ ಖರ್ಚು ಸೇರಿ 92,000 ಇದೆ. ಬರೀ ಪ್ರವೇಶ ಶುಲ್ಕದಲ್ಲಿ ಅದನ್ನು ತುಂಬಿಸಬೇಕಾದರೆ 60ಕ್ಕಿಂತ ಹೆಚ್ಚು ತಂಡ ಬೇಕು."

60 ತಂಡ ಬಂದರೆ, ಸೋತವರು ಅಲ್ಲಿಗೇ ಹೊರಹೋಗುವ ನಾಕೌಟ್‌ನಲ್ಲೇ 59 ಪಂದ್ಯ. ತಲಾ ಆರು ಓವರಿನ ಪಂದ್ಯಕ್ಕೆ ಟಾಸ್, ಇನಿಂಗ್ಸ್ ಬದಲಾವಣೆ ಎಲ್ಲ ಸೇರಿ 50 ನಿಮಿಷ ಬೇಕು. ಅಂದರೆ ಹಗಲೂ ರಾತ್ರಿ ಆಡಿದರೂ ಎರಡು ದಿನ ಸಾಲದು. ಶುಲ್ಕವನ್ನೇ 5,000 ಮಾಡೋಣ ಎಂದು ಯಾರೋ ಹಿಂದಿನಿಂದ ಹೇಳಿದರು. ಹಾಗೆ ಮಾಡಿದರೆ ಪ್ರಾಯೋಜಕರಿರುವ ತಂಡಗಳು, ಆಟಗಾರರನ್ನು ದುಡ್ಡು ಕೊಟ್ಟು ಕರೆತರುವ ತಂಡಗಳು ಮಾತ್ರ ಬರುತ್ತವೆ. ಪಕ್ಕದ ಊರಿನ ಕಾಲೇಜು ಹುಡುಗರು, ಕೂಲಿ ಕೆಲಸ ಮುಗಿಸಿ ಸಂಜೆ ಆಡುವವರು ತಲಾ ಇನ್ನೂರು ಹಾಕಿಕೊಂಡು ತಂಡ ಕಟ್ಟುತ್ತಾರೆ, ಅವರಿಗೆ ಅದು ಆಗುವುದಿಲ್ಲ. ನಮ್ಮ ಊರಿನ ಪಂದ್ಯಾಟಕ್ಕೆ ಜನ ಸೇರುವುದು ಅವರಿಂದ. ಈ ಮಾತನ್ನು ನಾನೂ ಎದ್ದು ನಿಂತು ಹೇಳಿದೆ.

ಹಾಗಾದರೆ ಪಂದ್ಯಾಟ ನಡೆಯುವುದು ದಾನಿಗಳ ಹಣದಲ್ಲಿ. ಇದು ಎಲ್ಲರಿಗೂ ಗೊತ್ತಿರುವ ವಿಷಯವೇ. ಆದರೆ ದಾನದ ಹಣದಲ್ಲಿ ಎರಡು ಬಗೆ ಇದೆ: ಪೆಟ್ಟಿಗೆಗೆ ಬಂದದ್ದು ಮತ್ತು ಬಾಯಲ್ಲಿ ಬಂದದ್ದು. ಮುಂಬಯಿಯ ಹೋಟೆಲಿನಲ್ಲಿರುವವರು, ದುಬೈ, ಮಸ್ಕತ್‌ನಲ್ಲಿ ಕೆಲಸಕ್ಕಿರುವ ಊರಿನವರು ಫೋನಿನಲ್ಲಿ "ನನ್ನದೊಂದು ಐದು ಬರಕೊಳ್ಳಿ ಮಾರಾಯ್ರೆ" ಎನ್ನುತ್ತಾರೆ. ಮನಸ್ಸಿನಿಂದಲೇ ಹೇಳಿರುತ್ತಾರೆ. ಆದರೆ ಸಂಬಳ ತಡವಾಗುತ್ತದೆ, ಮನೆಯಲ್ಲಿ ಯಾರಿಗೋ ಹುಷಾರಿರುವುದಿಲ್ಲ, ಅದೇ ತಿಂಗಳಲ್ಲಿ ದೈವಸ್ಥಾನದ ನೇಮಕ್ಕೂ ಶಾಲೆಯ ವಾರ್ಷಿಕೋತ್ಸವಕ್ಕೂ ಅವರನ್ನೇ ಕೇಳಿರುತ್ತಾರೆ. ಕೆಲವರು ಬ್ಯಾನರಿನಲ್ಲಿ ತಮ್ಮ ಹೆಸರು ಬಂದ ಮೇಲೆ ಕಳಿಸುತ್ತಾರೆ, ಕೆಲವರದು ಪಂದ್ಯಾಟ ಕಳೆದು ತಿಂಗಳಾದ ಮೇಲೆ ಬರುತ್ತದೆ. ಅದು ತಪ್ಪಲ್ಲ. ಅದನ್ನು ನಂಬಿ ಮುಂಗಡ ಕೊಡುವುದು ಮಾತ್ರ ಅಪಾಯ.

ಅಧ್ಯಕ್ಷನ ಆದಾಯದ ಪುಟದಲ್ಲಿ ನಾಲ್ಕೇ ಸಾಲು ಇತ್ತು. 12 ತಂಡಗಳ ಪ್ರವೇಶ ಶುಲ್ಕ 30,000. ಆಗಲೇ ರಶೀದಿ ಹರಿದು ಬ್ಯಾಂಕಿಗೆ ಹಾಕಿದ ದೇಣಿಗೆ 38,000. ಮಂಡಲದ ನಿಧಿಯಿಂದ 10,000. ಟ್ರೋಫಿಗಳನ್ನು ಊರಿನ ಒಂದು ಕುಟುಂಬ ಹಿರಿಯರ ನೆನಪಿಗೆ ಕೊಡಿಸುವುದೆಂದು ಅಂಗಡಿಗೇ ಹಣ ಕಟ್ಟಿದ್ದರಿಂದ ಅದರ 12,000. ಒಟ್ಟು 90,000. ಖರ್ಚಿಗೆ 25,000 ಕೊರತೆ. ಮಾತು ಕೊಟ್ಟವರ ಪಟ್ಟಿಯಲ್ಲಿ 32,000 ಇತ್ತು. ಅದನ್ನು ಸೇರಿಸಿದ್ದರೆ ಬಜೆಟ್ ಮಿಗತೆಯಲ್ಲಿ ಮುಗಿಯುತ್ತಿತ್ತು, ಸಭೆ ಖುಷಿಯಿಂದ ಚಹಾಕ್ಕೆ ಏಳುತ್ತಿತ್ತು. ಆತ ಆ ಪಟ್ಟಿಯನ್ನು ಬೇರೆ ಹಾಳೆಯಲ್ಲಿ ಬರೆದು, ಮೊತ್ತ ಓದಿ, ಆದಾಯಕ್ಕೆ ಕೂಡಿಸದೆ ಪಕ್ಕಕ್ಕಿಟ್ಟ. ಕೊರತೆಯ ಬಜೆಟನ್ನು ಊರಿನವರ ಮುಂದೆ ಓದಿ ಹೇಳುವುದಕ್ಕೆ ಆ ವಯಸ್ಸಿನಲ್ಲಿ ಧೈರ್ಯ ಬೇಕು. ನನಗೆ ಅವನ ಮೇಲೆ ಗೌರವ ಹುಟ್ಟಿದ್ದು ಆ ಕ್ಷಣದಲ್ಲಿ.

ನಗದು ಬಹುಮಾನವನ್ನು 30,000ಕ್ಕೆ ನಿಲ್ಲಿಸಿದ್ದೂ ಇದೇ ಲೆಕ್ಕದಿಂದ. 12 ತಂಡಗಳ ಶುಲ್ಕ ಎಷ್ಟೋ ನಗದು ಬಹುಮಾನವೂ ಅಷ್ಟೇ. "ಪ್ರಥಮ 33,333 ಮಾಡುವ ಅಣ್ಣ, ಪೋಸ್ಟರಿನಲ್ಲಿ ಚಂದ ಕಾಣ್ತದೆ" ಎಂದು ನಮ್ಮ ಆರಂಭಿಕ ಬ್ಯಾಟ್ಸ್‌ಮನ್ ಕೇಳಿದ. ನಮ್ಮ ಜಿಲ್ಲೆಯ ಪೋಸ್ಟರುಗಳಲ್ಲಿ ಇಂಥ ಸಂಖ್ಯೆಗಳ ಮೇಲೆ ಎಲ್ಲರಿಗೂ ಆಸೆ. ಆದರೆ ಬಜೆಟಿನಲ್ಲಿ ಬಾಕಿ ಯಾವುದನ್ನು ಬೇಕಾದರೂ ಆಮೇಲೆ ಇಳಿಸಬಹುದು. ಶಾಮಿಯಾನ ಚಿಕ್ಕದು ಮಾಡಬಹುದು, ಬ್ಯಾನರ್ ಎರಡು ಕಡಿಮೆ ಹಾಕಬಹುದು. ಬಹುಮಾನದ ಮೊತ್ತ ಹಾಗಲ್ಲ, ಪೋಸ್ಟರ್ ವಾಟ್ಸಾಪಿನಲ್ಲಿ ಹೋದ ಗಳಿಗೆಯಿಂದ ಅದು ಸಾಲ. ನಾನು ಆಡುತ್ತಿದ್ದ ಕಾಲದಲ್ಲಿ ಒಂದು ಕಡೆ ನಮ್ಮ ತಂಡ ಗೆದ್ದಾಗ ಲಕೋಟೆಯಲ್ಲಿ ಅರ್ಧ ಹಣ ಇತ್ತು. ಉಳಿದದ್ದು ಮುಂದಿನ ವಾರ ಎಂದರು. ಆ ವಾರ ಬರಲೇ ಇಲ್ಲ. ಆ ಸಂಘದ ಹುಡುಗರು ಕೆಟ್ಟವರಾಗಿರಲಿಲ್ಲ, ಬರುತ್ತದೆ ಎಂದುಕೊಂಡಿದ್ದ ಹಣ ಅವರಿಗೂ ಬಂದಿರಲಿಲ್ಲ ಅಷ್ಟೇ. ಆದರೆ ಮರುವರ್ಷ ಅವರ ಪಂದ್ಯಾಟಕ್ಕೆ ನಾವು ಹೋಗಲಿಲ್ಲ, ನಮ್ಮ ಹಾಗೆ ಇನ್ನೂ ಕೆಲವರು ಹೋಗಲಿಲ್ಲ.

ಇನ್ನು ಆ 25,000 ಕೊರತೆಗೆ ಆತ ಕೊಟ್ಟ ಉತ್ತರ. ಇಲ್ಲಿ ಆಟದ ಲೆಕ್ಕವೂ ಹಣದ ಲೆಕ್ಕವೂ ಒಂದಕ್ಕೊಂದು ಸೇರಿಕೊಳ್ಳುತ್ತವೆ, ಇದನ್ನು ನಾನು ಬೇರೆ ಯಾರ ಬಾಯಲ್ಲೂ ಕೇಳಿರಲಿಲ್ಲ.

16 ತಂಡಗಳ ನಾಕೌಟ್ ಎಂದರೆ 15 ಪಂದ್ಯ. ಬೆಳಿಗ್ಗೆ 8ಕ್ಕೆ ಶುರು ಮಾಡಿ, ಉದ್ಘಾಟನಾ ಸಭೆ ಮತ್ತು ಊಟಕ್ಕೆ ಒಂದು ಗಂಟೆ ತೆಗೆದರೆ, ಸಂಜೆ ಬೆಳಕು ಹೋಗುವುದರೊಳಗೆ 11 ಪಂದ್ಯ ಮುಗಿಯುತ್ತದೆ. ಜನವರಿ ಕೊನೆಗೆ ನಮ್ಮಲ್ಲಿ ಆರೂ ಮುಕ್ಕಾಲು ದಾಟಿದರೆ ಟೆನಿಸ್ ಚೆಂಡು ಬ್ಯಾಟಿಗೆ ಕಾಣುವುದಿಲ್ಲ. ಉಳಿದದ್ದು ನಾಲ್ಕು: ಒಂದು ಕ್ವಾರ್ಟರ್ ಫೈನಲ್, ಎರಡು ಸೆಮಿಫೈನಲ್, ಫೈನಲ್. ಆ ನಾಲ್ಕು ಪಂದ್ಯಗಳಿಗಾಗಿ ಅಡಿಕೆ ಮರದ ಕಂಬ ನೆಟ್ಟು, ಸುತ್ತ ದೀಪ ಕಟ್ಟಿ, ಜನರೇಟರಿಗೆ ಡೀಸೆಲ್ ಹಾಕಿ 18,000 ಖರ್ಚು. ಮತ್ತೆ ಅದಕ್ಕೂ ಮಿತಿ ಇದೆ. ಧ್ವನಿವರ್ಧಕದ ಮೇಲೆ 2000ದ ಶಬ್ದಮಾಲಿನ್ಯ ನಿಯಮಗಳಿವೆ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಮೈಕ್ ಹಾಕುವಂತಿಲ್ಲ. ನಾಲ್ಕು ಪಂದ್ಯ ಮುಗಿಯುವಾಗಲೇ ಒಂಬತ್ತೂ ಮುಕ್ಕಾಲು ಆಗುತ್ತದೆ, ಬಹುಮಾನ ವಿತರಣೆಗೆ ಕಾಲು ಗಂಟೆ ಉಳಿಯುತ್ತದೆ. ಹಿಂದೆ ಬೆಳಗಿನ ಜಾವದವರೆಗೆ ಆಡಿಸಿದ ಪಂದ್ಯಾಟಗಳು ನಮ್ಮ ನೆನಪಿನಲ್ಲಿವೆ. ಹತ್ತಿರದ ಮನೆಗಳಲ್ಲಿ ಹಾಸಿಗೆ ಹಿಡಿದ ಮುದುಕರು, ಪರೀಕ್ಷೆಗೆ ಓದುವ ಮಕ್ಕಳು ಇರುತ್ತಿದ್ದರು ಎಂಬುದೂ ನೆನಪಿರಬೇಕು.

ಅದೇ 12 ತಂಡಗಳೇ ಬಂದರೆ? ನಾಲ್ಕು ತಂಡಗಳಿಗೆ ಮೊದಲ ಸುತ್ತು ಆಡದೆಯೇ ಮುಂದೆ ಹೋಗುವ ಬೈ ಸಿಕ್ಕಿ ಒಟ್ಟು 11 ಪಂದ್ಯ. ಹಗಲಿನಲ್ಲೇ ಫೈನಲ್ ಮುಗಿಯುತ್ತದೆ, ಬೆಳಕೇ ಬೇಡ. ಆಗ ಖರ್ಚಿನಲ್ಲಿ ಬೆಳಕಿನ 18,000 ಮತ್ತು ನಾಲ್ಕು ತಂಡಗಳ ಊಟ, ಚೆಂಡಿನ ಸುಮಾರು 4,000 ಕಳೆಯುತ್ತದೆ. ಉಳಿಯುವ ಖರ್ಚು 93,000, ಕೈಯಲ್ಲಿರುವುದು 90,000. ಅನಿರೀಕ್ಷಿತ ಎಂದು ಇಟ್ಟ 8,000 ಆ 93,000ದ ಒಳಗೇ ಇದೆ, ಅದರಲ್ಲಿ ಮೂರು ಸಾವಿರ ಮುಟ್ಟಬೇಕಾಗಬಹುದು, ಅಷ್ಟೇ. 16 ತಂಡ ಬಂದರೆ ಆದಾಯ ಒಂದು ಲಕ್ಷಕ್ಕೆ ಏರುತ್ತದೆ, ಕೊರತೆ 15,000ಕ್ಕೆ ಇಳಿಯುತ್ತದೆ. ಅಂದರೆ ಮಾತು ಕೊಟ್ಟ 32,000ದಲ್ಲಿ ಅರ್ಧಕ್ಕಿಂತ ಸ್ವಲ್ಪ ಕಡಿಮೆ ಬಂದರೂ ಸಾಕು.

"ಆದ ಕಾರಣ," ಎಂದ ಆತ, "ಬೆಳಕಿನವರಿಗೆ ಮುಂಗಡ ಇವತ್ತು ಕೊಡುವುದಿಲ್ಲ. ಪಂದ್ಯಾಟಕ್ಕೆ 10 ದಿನ ಇರುವಾಗ, ಯಾರು ಯಾರ ಜೊತೆ ಆಡಬೇಕೆಂದು ಚೀಟಿ ಎತ್ತಿ ಟೈಸ್ ಹಾಕುತ್ತೇವೆ. ಶುಲ್ಕ ಕಟ್ಟಿದ ತಂಡದ ಹೆಸರು ಮಾತ್ರ ಚೀಟಿಯಲ್ಲಿ ಬರ್ತದೆ, ಫೋನಿನಲ್ಲಿ ಬರ್ತೇವೆ ಅಂದವರದ್ದು ಇಲ್ಲ. ಆ ದಿನ 16 ತಂಡ ಇದ್ದು, ಮಾತು ಕೊಟ್ಟದ್ದರಲ್ಲಿ 15,000 ಬ್ಯಾಂಕಿಗೆ ಬಂದಿದ್ದರೆ ಮಾತ್ರ ಬೆಳಕು. ಇಲ್ಲದಿದ್ದರೆ ಹಗಲು ಪಂದ್ಯಾಟ. ಪೋಸ್ಟರಿನಲ್ಲಿ ಹೊನಲು ಬೆಳಕು ಅಂತ ಈಗ ಹಾಕುವುದಿಲ್ಲ."

ಬೆಳಕಿನವರು ಅಷ್ಟು ದಿನ ನಮಗಾಗಿ ಕಾಯುತ್ತಾರಾ ಎಂದು ಕಾರ್ಯದರ್ಶಿ ಕೇಳಿದ. ಸರಿಯಾದ ಪ್ರಶ್ನೆ. ಜನವರಿಯಿಂದ ನೇಮ, ಯಕ್ಷಗಾನ, ಮದುವೆ ಎಂದು ಅವರಿಗೆ ಬಿಡುವಿರುವುದಿಲ್ಲ. ಅಧ್ಯಕ್ಷ ಮೊದಲೇ ಹೋಗಿ ಕೇಳಿಕೊಂಡು ಬಂದಿದ್ದ: ದಿನ ಕಾದಿರಿಸಲು ಒಂದು ಸಾವಿರ, ಬೇಡವೆಂದರೆ ಅದು ವಾಪಸ್ ಇಲ್ಲ. ಅದನ್ನು ಅನಿರೀಕ್ಷಿತದಿಂದ ಕೊಡುವುದೆಂದು ಸಭೆ ಒಪ್ಪಿತು. ಇನ್ನೊಬ್ಬನ ಮಾತು ಮನಸ್ಸಿಗೆ ತಾಗುವಂಥದ್ದು. "ಅಣ್ಣ, ಲೈಟ್ ಇಲ್ಲದಿದ್ದರೆ ಜನ ಬರ್ತಾರಾ? ಕೆಲಸ ಬಿಟ್ಟು ಹಗಲಿಡೀ ಯಾರು ನಿಲ್ತಾರೆ?" ಇದಕ್ಕೆ ಅಧ್ಯಕ್ಷನ ಬಳಿ ಪೂರ್ತಿ ಉತ್ತರ ಇರಲಿಲ್ಲ, ಇದೆ ಎಂದು ನಟಿಸಲೂ ಇಲ್ಲ. ಪಂದ್ಯಾಟವನ್ನು ಭಾನುವಾರಕ್ಕೆ ಇಟ್ಟದ್ದು ಅದಕ್ಕೇ, ರಾತ್ರಿಯ ಜನ ಸ್ವಲ್ಪ ತಪ್ಪುತ್ತಾರೆ, ಅದು ನಿಜ, ಆದರೆ ಸಾಲದಲ್ಲಿ ದೀಪ ಹಚ್ಚುವುದು ಬೇಡ ಎಂದ. ಆ ಪ್ರಶ್ನೆ ಕೇಳಿದವನ ಬೇಸರ ನನಗೂ ಅರ್ಥವಾಗುತ್ತದೆ. ದೀಪದ ಕೆಳಗೆ ಫೈನಲ್ ಆಡಬೇಕೆಂಬ ಆಸೆ ಹಳ್ಳಿಯ ಹುಡುಗರಿಗೆ ಇರಬಾರದೇ?

ಭಾಷಣದ ಕೊನೆಯ ಭಾಗ ರಶೀದಿ ಪುಸ್ತಕಗಳ ಬಗ್ಗೆ. ಹೆಚ್ಚಿನ ಸಂಘಗಳಲ್ಲಿ ಲೆಕ್ಕ ಹಾಳಾಗುವುದು ಕಳ್ಳತನದಿಂದಲ್ಲ, ಹಂಚಿದ ಪುಸ್ತಕ ವಾಪಸ್ ಬಾರದಿರುವುದರಿಂದ. ಹತ್ತು ಜನರಿಗೆ ಹತ್ತು ಪುಸ್ತಕ ಕೊಡುತ್ತಾರೆ, ಎಂಟು ತಿರುಗಿ ಬರುತ್ತವೆ. ಉಳಿದೆರಡರಲ್ಲಿ ಎಷ್ಟು ಹಾಳೆ ಹರಿದಿದೆ, ಎಷ್ಟು ಹಣ ಯಾರ ಕಿಸೆಯಲ್ಲಿ ಮರೆತುಹೋಗಿದೆ ಎಂದು ಯಾರಿಗೂ ಹೇಳಲಾಗುವುದಿಲ್ಲ. ಆತ ಪ್ರತಿ ಪುಸ್ತಕದ ಮೊದಲ ಮತ್ತು ಕೊನೆಯ ನಂಬರ್ ಬರೆದು, ಪಡೆದವರ ಸಹಿ ತೆಗೆದುಕೊಂಡಿದ್ದ. ಟೈಸ್ ಹಾಕುವ ದಿನ ಹರಿದದ್ದು, ಹರಿಯದ್ದು ಎರಡನ್ನೂ ಕೋಶಾಧಿಕಾರಿಗೆ ಒಪ್ಪಿಸಬೇಕು. ಯಾರಾದರೂ ನೇರವಾಗಿ ಅಧ್ಯಕ್ಷನ ಫೋನಿಗೆ ಹಣ ಕಳಿಸಿದರೆ ಅದೇ ದಿನ ಮಂಡಲದ ಖಾತೆಗೆ ಹಾಕಿ ರಶೀದಿ ಬರೆಯಬೇಕು. ಮಂಡಲ ನೋಂದಾಯಿತ ಸಂಘ. ವರ್ಷದ ಕೊನೆಗೆ ಈ ಲೆಕ್ಕವನ್ನು ಲೆಕ್ಕಪರಿಶೋಧಕರ ಮುಂದೆ ಇಡಬೇಕಾದಾಗ ಹುಡುಕಾಡುವ ಕಷ್ಟ ಏನೆಂದು ಕೋಶಾಧಿಕಾರಿಯಾಗಿದ್ದವರಿಗೆ ಗೊತ್ತು.

ಟೈಸ್ ದಿನ ಶುಲ್ಕ ಕಟ್ಟಿದ್ದು 14 ತಂಡ. ಭಾಷಣದಲ್ಲಿ 12ಕ್ಕೂ 16ಕ್ಕೂ ಉತ್ತರ ಇತ್ತು, 14ಕ್ಕೆ ಇರಲಿಲ್ಲ. 13 ಪಂದ್ಯ, ಹಗಲಿಗೆ ಎರಡು ಹೆಚ್ಚು. ಬೆಳಕಿನ ನಿಯಮದಂತೆ ಬೆಳಕಿಲ್ಲ. ಹಾಗಾಗಿ ಏಳೂವರೆಗೆ ಶುರು, ಮೊದಲ ಸುತ್ತು ಐದು ಓವರ್, ಉದ್ಘಾಟನೆಗೆ ಅರ್ಧ ಗಂಟೆ, ಅತಿಥಿಗಳಲ್ಲಿ ಒಬ್ಬರದೇ ಭಾಷಣ ಎಂದು ತೀರ್ಮಾನವಾಯಿತು. ಊಟಕ್ಕೆ ಆಟ ನಿಲ್ಲಿಸದೆ, ಆಡದ ತಂಡಗಳು ಸರದಿಯಲ್ಲಿ ಗಂಜಿ, ಚಟ್ನಿ ಉಂಡು ಬಂದವು. ಫೈನಲಿನ ಕೊನೆಯ ಓವರಿಗೆ ಸೂರ್ಯ ಮುಳುಗಿಯಾಗಿತ್ತು, ಚೆಂಡು ಕಾಣುತ್ತಿತ್ತು. ಬಹುಮಾನದ ಲಕೋಟೆಗಳನ್ನು ಹಿಂದಿನ ದಿನವೇ ತುಂಬಿಸಿ ಇಟ್ಟದ್ದರಿಂದ ಮೈದಾನದಲ್ಲಿ ಯಾರೂ ಎಣಿಸುತ್ತಾ ಕೂರಬೇಕಾಗಲಿಲ್ಲ. ಶುಲ್ಕದಲ್ಲಿ 35,000 ಬಂದು ಆದಾಯ 95,000 ಆಯಿತು, ಖರ್ಚೂ ಅದರೊಳಗೇ ನಿಂತಿತು. ಮಾತು ಕೊಟ್ಟವರ ಹಣ ಆಮೇಲೆ ಒಂದೊಂದಾಗಿ ಬರತೊಡಗಿತು. ಅದನ್ನು ಏನು ಮಾಡುವುದೆಂದು ಲೆಕ್ಕಪತ್ರ ಮಂಡನೆಯ ಸಭೆಯೇ ತೀರ್ಮಾನಿಸಬೇಕು. ಮುಂದಿನ ವರ್ಷದ ಬೆಳಕಿಗೆಂದು ಬೇರೆ ಇಡಬೇಕು ಎನ್ನುವುದು ನನ್ನ ಅಭಿಪ್ರಾಯ, ಅದನ್ನು ಅಲ್ಲಿ ಹೇಳುತ್ತೇನೆ.

ಒಂದು ಸಾಲು ಮಾತ್ರ ಇನ್ನೂ ಮುಚ್ಚಿಲ್ಲ. ಮೈದಾನವೆಂದರೆ ಏಣೆಲು ಎಂಬ ಮೊದಲ ಬೆಳೆಯ ಕೊಯ್ಲು ಮುಗಿದು, ಎರಡನೆಯದಾದ ಸುಗ್ಗಿ ಬೆಳೆ ಇಡದೆ ಬಿಟ್ಟ ಮೂರು ಗದ್ದೆ. ನಡುವಿನ ಬದು, ಅಂದರೆ ಹುಣಿ, ಕಡಿದು ಒಂದು ಮಾಡಿದ್ದೇವೆ. ಗದ್ದೆಯ ಯಜಮಾನರು ಬಾಡಿಗೆ ಕೇಳಲಿಲ್ಲ, ಮಳೆಗೆ ಮೊದಲು ಹುಣಿ ಕಟ್ಟಿಕೊಡಬೇಕು ಎಂದಷ್ಟೇ ಹೇಳಿದರು. ಗದ್ದೆಯ ಖರ್ಚಿಗೆಂದು ಇಟ್ಟ 9,000ದಲ್ಲಿ 3,000 ಅದಕ್ಕೆಂದೇ ಬ್ಯಾಂಕಿನಲ್ಲಿದೆ. ಮೇ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಆರಕ್ಕೆ ಹಾರೆ, ಬುಟ್ಟಿ ಹಿಡಿದು ಬರಬೇಕೆಂದು ಸದಸ್ಯರ ಗುಂಪಿನಲ್ಲಿ ಹಾಕಿದ್ದಾರೆ. ಆ ದಿನದ ಚಹಾ ತಿಂಡಿಯ ಖರ್ಚೂ ಬಜೆಟಿನಲ್ಲಿದೆ.